ಅದೇ ಪ್ರೀತಿಯ ಪ್ರಶ್ನೆ, ಮತ್ತೆ ಮತ್ತೆ ಟ್ಯಾರೋ: ಉತ್ತರ ಉಲ್ಟಾ ಬಂದಾಗ ಏನು ಮಾಡಬೇಕು?

"ಅವನಿಗೆ ನನ್ನ ಮೇಲೆ ಇನ್ನೂ ಪ್ರೀತಿ ಇದೆಯಾ?" ಎಂದು ಕೇಳಿ ಕಾರ್ಡ್ ತೆಗೆಯುತ್ತಾರೆ. ಬಂದದ್ದು ಹಿಡಿಸುವುದಿಲ್ಲ. ಸರಿಯಾಗಿ ಕಲೆಸಿರಲಿಲ್ಲ ಎಂದುಕೊಂಡು ಇನ್ನೊಂದು ತೆಗೆಯುತ್ತಾರೆ. ಅದು ಮೊದಲನೆಯದಕ್ಕೆ ತದ್ವಿರುದ್ಧ. ಆಮೇಲೆ ಮೂರನೆಯದು. ಗೆಳತಿಯರಿಗೆ ಕಾರ್ಡ್ ಓದುವ ನಾನು ಈ ಸಂಕಟವನ್ನು ಎಷ್ಟೋ ಸಲ ಹತ್ತಿರದಿಂದ ನೋಡಿದ್ದೇನೆ.

1. ಮೊದಲು ಕಾರ್ಡ್ ಕಟ್ಟನ್ನು ಎತ್ತಿ ಒಳಗಿಡಿ. ಇನ್ನೊಂದು ಕಾರ್ಡ್ ಬೇಡ.

2. ತೆಗೆದ ಕಾರ್ಡ್‌ಗಳನ್ನೆಲ್ಲ ಬಂದ ಕ್ರಮದಲ್ಲೇ ಬರೆದುಕೊಳ್ಳಿ. ಹಿಡಿಸದೇ ಇದ್ದದ್ದನ್ನೂ ಬಿಡಬೇಡಿ.

ಇದು ಯಾಕೆ ಮುಖ್ಯ ಅಂದರೆ, ಕಟ್ಟಿನಲ್ಲಿ ಇರುವುದು 78 ಕಾರ್ಡ್. ಲವರ್ಸ್, ಏಸ್ ಆಫ್ ಕಪ್ಸ್, ಟೂ ಆಫ್ ಕಪ್ಸ್, ಟೆನ್ ಆಫ್ ಕಪ್ಸ್, ಪ್ರೀತಿಯನ್ನು ಸೂಚಿಸುವ ಈ ನಾಲ್ಕರಲ್ಲಿ ಒಂದು ಬಂದರೆ ಸಾಕು ಎಂದು ನೀವು ಕಾಯುತ್ತಿದ್ದೀರಿ ಎಂದುಕೊಳ್ಳೋಣ. ಒಂದು ಸಲಕ್ಕೆ ಮೂರು ಕಾರ್ಡ್ ತೆಗೆದರೆ ಅದು ಸಿಗುವ ಸಾಧ್ಯತೆ ಸುಮಾರು ಏಳರಲ್ಲಿ ಒಂದು. ಹಾಗೆ ಐದು ಸಲ ತೆಗೆದರೆ ಅರ್ಧಕ್ಕಿಂತ ಜಾಸ್ತಿ. ಬೇಕಾದ ಕಾರ್ಡ್ ಬರುವವರೆಗೂ ತೆಗೆದರೆ ಅದು ಬಂದೇ ಬರುತ್ತದೆ. ಅದನ್ನು ಉತ್ತರ ಎನ್ನಲು ಆಗುವುದಿಲ್ಲ. ನೀವು ಎಲ್ಲಿ ನಿಲ್ಲಿಸಿದಿರಿ ಎನ್ನುವುದಷ್ಟೇ ಅದರಿಂದ ಗೊತ್ತಾಗುತ್ತದೆ.

3. ಪ್ರತಿ ಕಾರ್ಡ್‌ನ ಪಕ್ಕದಲ್ಲಿ, ಆಗ ಮನಸ್ಸಿನಲ್ಲಿ ಇದ್ದ ಪ್ರಶ್ನೆಯನ್ನು ಇದ್ದ ಹಾಗೇ ಬರೆಯಿರಿ. ಜನ ತಪ್ಪುವುದು ಇಲ್ಲೇ. "ಒಂದೇ ಪ್ರಶ್ನೆ ಕೇಳಿದ್ದು" ಎನ್ನುತ್ತಾರೆ. ಬರೆದು ನೋಡಿದರೆ ಒಂದೇ ಆಗಿರುವುದಿಲ್ಲ.

ಒಬ್ಬ ಗೆಳತಿ ರಾತ್ರಿ ಹನ್ನೊಂದರ ಮೇಲೆ ಫೋನ್ ಮಾಡಿದ್ದಳು. ಅವನು ಅವಳ ಮೆಸೇಜ್ ನೋಡಿ ಎರಡು ದಿನವಾಗಿತ್ತು, ಉತ್ತರ ಇಲ್ಲ. ಅವಳು ಮೂರು ಸಲ ಒಂದೊಂದೇ ಕಾರ್ಡ್ ತೆಗೆದಿದ್ದಳು. ಮೊದಲು ಬಿಟ್ಟು ಹೋಗುವುದನ್ನು ಸೂಚಿಸುವ ಎಯ್ಟ್ ಆಫ್ ಕಪ್ಸ್, ಆಮೇಲೆ ಪ್ರೀತಿಯ ಟೂ ಆಫ್ ಕಪ್ಸ್, ಕೊನೆಗೆ ಭಯ, ಗೊಂದಲದ ಮೂನ್. ನನಗೆ ಫೋಟೊ ಕಳಿಸಿದ್ದು ಮಾತ್ರ ಎರಡನೆಯದರದ್ದು.

ಪ್ರಶ್ನೆಗಳನ್ನು ಬರೆಸಿದೆ. ಮೊದಲ ಸಲ ಅವಳು ಕೇಳಿದ್ದು "ಅವನು ಬಿಟ್ಟು ಹೋಗ್ತಾನಾ?" ಎರಡನೇ ಸಲ "ನಮ್ಮ ಮಧ್ಯೆ ಪ್ರೀತಿ ಇತ್ತಲ್ವಾ?" ಮೂರನೇ ಸಲ "ನಾನು ಸುಮ್ನೆ ಹೆದರ್ತಿದ್ದೀನಾ?" ಮೂರು ಪ್ರಶ್ನೆಗೆ ಮೂರು ಕಾರ್ಡ್. ಜಗಳ ಎಲ್ಲಿದೆ?

ಆಮೇಲೆ ಮೊದಲ ಕಾರ್ಡನ್ನು ನಿಧಾನವಾಗಿ ನೋಡಿಸಿದೆ. 1909ರಲ್ಲಿ ಬಂದ, ಪಮೇಲಾ ಕೋಲ್ಮನ್ ಸ್ಮಿತ್ ಚಿತ್ರ ಬರೆದ ಕಟ್ಟು ಅದು. ಎಂಟು ಕಪ್‌ಗಳನ್ನು ಜೋಡಿಸಿಟ್ಟಿದೆ, ಮೇಲಿನ ಸಾಲಿನಲ್ಲಿ ಒಂದರ ಜಾಗ ಖಾಲಿ. ಕೋಲು ಹಿಡಿದ ಒಬ್ಬರು ಬೆನ್ನು ತಿರುಗಿಸಿ ನಡೆದು ಹೋಗುತ್ತಿದ್ದಾರೆ. ಅದು ಅವನೇ ಎಂದು ಅವಳಿಗೆ ಅರೆಕ್ಷಣದಲ್ಲಿ ಅನ್ನಿಸಿತ್ತು. "ಅದು ನೀನೇ ಆಗಿದ್ದರೆ?" ಎಂದೆ. ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ "ಆ ಖಾಲಿ ಜಾಗ ನಂಗೆ ಮೊದಲಿಂದಲೂ ಗೊತ್ತಿತ್ತು" ಎಂದಳು.

4. ಯಾವ ಕಾರ್ಡ್ ಕಂಡಾಗ ಕೈ ಮತ್ತೆ ಕಟ್ಟಿಗೆ ಹೋಯಿತು ಎಂದು ಗುರುತು ಹಾಕಿ. ಯಾವುದು ಬಂದಾಗ ನಿರಾಳವಾಯಿತು, ಅದನ್ನೂ. ಮತ್ತೆ ಮತ್ತೆ ತೆಗೆಯುವವರಿಗೆ ಉತ್ತರ ತಿಳಿಯದೇ ಇರುವುದಿಲ್ಲ. ಹೆಚ್ಚಿನ ಸಲ ಒಂದು ಉತ್ತರದ ಭಯ ಇರುತ್ತದೆ, ಇಲ್ಲವೇ ಅವನನ್ನೇ ಕೇಳಬೇಕಾದದ್ದನ್ನು ಕಾರ್ಡನ್ನು ಕೇಳುತ್ತಿರುತ್ತಾರೆ. ಅವನ ಮನಸ್ಸಿನಲ್ಲಿ ಏನಿದೆ ಎನ್ನುವುದನ್ನು ಕಾರ್ಡ್ ಹೇಳಲಾರದು. ನಿಮ್ಮ ಮನಸ್ಸು ಚಿತ್ರದಲ್ಲಿ ಏನನ್ನು ಹುಡುಕುತ್ತಿದೆ ಎನ್ನುವುದನ್ನು ಮಾತ್ರ ತೋರಿಸೀತು.

5. ಓದುವುದಾದರೆ ಮೊದಲನೆಯದನ್ನು ಓದಿ. ಉಳಿದವನ್ನು ನಿಮ್ಮ ಚಡಪಡಿಕೆಯ ದಾಖಲೆ ಎಂದು ಇಟ್ಟುಕೊಳ್ಳಿ. ಎರಡು ಒಳ್ಳೆಯದು, ಒಂದು ಕೆಟ್ಟದ್ದು ಎಂದು ಲೆಕ್ಕ ಹಾಕಿ ಬಹುಮತ ನೋಡಬೇಡಿ. ಸ್ಪಷ್ಟವಾಗಲಿ ಎಂದು ಮೇಲೊಂದು ಕಾರ್ಡ್ ಇಡುವ ಅಭ್ಯಾಸವೂ ನನಗೆ ಒಪ್ಪಿಗೆಯಿಲ್ಲ. ಪ್ರೀತಿಯ ವಿಷಯದಲ್ಲಿ ಅದು ಹಿಂಬಾಗಿಲಿನಿಂದ ಮತ್ತೆ ತೆಗೆದ ಹಾಗೇ. ಬೆರಳು ಒತ್ತಿದರೆ ಹೊಸ ಕಾರ್ಡ್ ಕೊಡುವ ಆ್ಯಪ್‌ಗಳನ್ನಂತೂ ಫೋನಿನಿಂದ ತೆಗೆದೇಬಿಡಿ. ಕೈಯಲ್ಲಿ ಕಲೆಸುವಾಗ ಸಿಗುವ ಅರ್ಧ ನಿಮಿಷದ ಯೋಚನೆಯೂ ಅಲ್ಲಿ ಸಿಗುವುದಿಲ್ಲ.

6. ಮತ್ತೆ ಯಾವಾಗ ಕೇಳಬಹುದು? ಹೊರಗೆ ಏನಾದರೂ ಬದಲಾದಾಗ. ಅವನು ಉತ್ತರ ಕೊಟ್ಟ, ಇಬ್ಬರೂ ಭೇಟಿಯಾದಿರಿ, ನೀವು ಒಂದು ನಿರ್ಧಾರ ಮಾಡಿದಿರಿ, ಹೀಗೆ ಏನಾದರೂ. ಏನೂ ಆಗದಿದ್ದರೆ ಕನಿಷ್ಠ ಒಂದು ತಿಂಗಳು ಬಿಡಿ. ಆಗಲೂ "ಅವನಿಗೆ ಪ್ರೀತಿ ಇದೆಯಾ?" ಬೇಡ. "ಈ ಮೌನದಲ್ಲಿ ನಾನು ಏನು ಮಾಡಲಿ?" ಎಂದು ಕೇಳಿ. ನನ್ನ ಗೆಳತಿ ಈ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಕಟ್ಟಿನ ಮೇಲೆ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಳು. ಮಾರನೇ ದಿನ ಚೀಟಿ ಅಲ್ಲೇ ಇತ್ತು; ಅವಳು ಅವನಿಗೆ ನೇರವಾಗಿ ಫೋನ್ ಮಾಡಿದ್ದಳು.