ಒತ್ತಿದ ಕೈ ಹತ್ತು ನಿಮಿಷ ತೆಗೆಯಬಾರದು: ಹೈಸ್ಕೂಲ್ ಮಕ್ಕಳಿಗೆ ಪ್ರಥಮ ಚಿಕಿತ್ಸೆ ಕಲಿಸುವ ಬಗೆ

ರಕ್ತ ಬಂದರೆ ಒತ್ತಿ ಹಿಡಿಯಬೇಕು, ಸುಟ್ಟರೆ ತಣ್ಣೀರು ಬಿಡಬೇಕು, ತಲೆಸುತ್ತಿ ಬಿದ್ದರೆ ಮಲಗಿಸಿ ಕಾಲೆತ್ತಬೇಕು. ಒಂಬತ್ತನೇ ತರಗತಿಯ ಮಕ್ಕಳಿಗೆ ಇಷ್ಟನ್ನು ಹೇಳಿಕೊಡಲು ಹತ್ತು ನಿಮಿಷ ಸಾಕು, ಪರೀಕ್ಷೆಯಲ್ಲಿ ಕೇಳಿದರೆ ತಪ್ಪಿಲ್ಲದೆ ಬರೆಯುತ್ತಾರೆ. ಅವರು ಎಡವುವುದು ಎಷ್ಟು ಹೊತ್ತು ಎನ್ನುವಲ್ಲಿ. ಎರಡು ನಿಮಿಷ ಒತ್ತಿ ಕೈ ತೆಗೆದು ನೋಡುತ್ತಾರೆ, ಉರಿ ಕಡಿಮೆಯಾಯಿತೆಂದು ನಲ್ಲಿ ನಿಲ್ಲಿಸುತ್ತಾರೆ, ಕಣ್ಣು ಬಿಟ್ಟ ಕೂಡಲೇ ಎಬ್ಬಿಸಿ ನಿಲ್ಲಿಸುತ್ತಾರೆ. ಅದಕ್ಕೇ ನಾನು ಎರಡು ಪೀರಿಯಡ್ ಕೂಡಿಸಿ 80 ನಿಮಿಷ ತೆಗೆದುಕೊಂಡು, ಅದರಲ್ಲಿ ಬಹುಪಾಲನ್ನು ಗಡಿಯಾರ ನೋಡುತ್ತ ಕಾಯುವುದಕ್ಕೇ ಕೊಡುತ್ತೇನೆ.

ಜೋಡಿ ಮಾಡುವಾಗ ಎತ್ತರ, ತೂಕ ಹೆಚ್ಚುಕಡಿಮೆ ಸಮ ಇರುವವರನ್ನು ಸೇರಿಸುವುದು ಒಳ್ಳೆಯದು. ಹುಡುಗಿಯರಿಗೆ ಹುಡುಗಿಯರು, ಹುಡುಗರಿಗೆ ಹುಡುಗರು ಜೊತೆಯಾದರೆ ಸಂಕೋಚವಿಲ್ಲದೆ ಕೆಲಸ ಸಾಗುತ್ತದೆ. ಮುಟ್ಟುವ ಮೊದಲು "ಕೈ ಹಿಡ್ಕೊಳ್ಲಾ?" ಎಂದು ಕೇಳಲೇಬೇಕು. ಇದು ಬರೀ ಮರ್ಯಾದೆಗಲ್ಲ. ಕೇಳಿದ್ದಕ್ಕೆ ಉತ್ತರ ಬಂತೆಂದರೆ ಗಾಯಗೊಂಡವರಿಗೆ ಎಚ್ಚರವಿದೆ, ಉಸಿರಾಡುತ್ತಿದ್ದಾರೆ ಎಂಬುದೂ ಅಲ್ಲೇ ಗೊತ್ತಾಗುತ್ತದೆ.

ಮೊದಲು ರಕ್ತಸ್ರಾವ. ಜೊತೆಗಾರರ ಕೈಯನ್ನೇ ಜೋರಾಗಿ ಒತ್ತಿಸಿದರೆ ನೋವಾಗುತ್ತದೆ, ಮೆಲ್ಲಗೆ ಒತ್ತಿಸಿದರೆ ಏನೂ ಕಲಿತಂತಾಗುವುದಿಲ್ಲ. ಆದ್ದರಿಂದ ಒಂದು ಸಾಧನ ಮಾಡಿಕೊಳ್ಳುತ್ತೇನೆ. ಒಂದು ಲೀಟರಿನ ನೀರಿನ ಬಾಟಲಿ, ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪಾರದರ್ಶಕ ಲೆವೆಲ್ ಪೈಪ್ ಎರಡೂವರೆ ಮೀಟರ್, ಪಾತ್ರೆ ಉಜ್ಜುವ ದಪ್ಪ ಸ್ಪಂಜು, ಒಂದಿಷ್ಟು ಎಂ-ಸೀಲ್. ಬಾಟಲಿಯ ಮುಚ್ಚಳಕ್ಕೆ ತೂತು ಮಾಡಿ ಪೈಪ್ ತೂರಿಸಿ ಎಂ-ಸೀಲ್ ಮೆತ್ತಿ ಒಂದು ರಾತ್ರಿ ಒಣಗಲು ಬಿಡಬೇಕು. ಬಾಟಲಿಯ ತಳ ಕತ್ತರಿಸಿ, ತಲೆಕೆಳಗಾಗಿ ಕಿಟಕಿಯ ಸರಳಿಗೆ ಕಟ್ಟಿದರೆ ಮೇಲಿನಿಂದ ನೀರು ತುಂಬಬಹುದು. ನೀರಿಗೆ ತಿಂಡಿಗೆ ಹಾಕುವ ಕೆಂಪು ಬಣ್ಣ ನಾಲ್ಕು ಹನಿ. ಕುಂಕುಮ ಬೇಡ, ಸಮವಸ್ತ್ರದ ಮೇಲೆ ಕಲೆ ಉಳಿಯುತ್ತದೆ. ಪೈಪಿನ ತುದಿಯನ್ನು ಸ್ಪಂಜಿನ ನಡುವೆ ಕೆಳಗಿನಿಂದ ತೂರಿಸಿ, ಬಾಯಿ ಮೇಲ್ಮೈಗೆ ಸಮವಾಗಿ ಬರುವಂತೆ ಇಟ್ಟು, ಆ ಸ್ಪಂಜನ್ನು ಒಬ್ಬರ ತೊಡೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಇಡುತ್ತೇನೆ. ಅದೇ ಗಾಯ. ಇಂಥ ಎರಡು ಮಾಡಿಕೊಂಡರೆ ಜೋಡಿಗಳು ಬೇಗ ಬೇಗ ಬದಲಾಗುತ್ತವೆ.

ನೀರಿನ ಮಟ್ಟ ಸ್ಪಂಜಿಗಿಂತ 160 ಸೆಂ.ಮೀ. ಮೇಲಿರಬೇಕು, ಹಾಗಾಗಿ ಮಕ್ಕಳನ್ನು ನೆಲದ ಮೇಲೆ ಕೂರಿಸಬೇಕಾಗುತ್ತದೆ. ಲೆಕ್ಕ ಸುಲಭ. ಹೃದಯ ರಕ್ತವನ್ನು ದೂಡುವ ಒತ್ತಡ ಸುಮಾರು 120 ಮಿ.ಮೀ. ಪಾದರಸ. ಪಾದರಸ ನೀರಿಗಿಂತ 13.6 ಪಟ್ಟು ಭಾರ. 12 ಸೆಂ.ಮೀ.ಯನ್ನು ಅದರಿಂದ ಗುಣಿಸಿದರೆ 163 ಸೆಂ.ಮೀ. ನೀರು. ಈ ಪೈಪನ್ನು ನಿಲ್ಲಿಸಲು ಬೇಕಾದಷ್ಟು ಒತ್ತಲು ಬಂದರೆ ದಿನನಿತ್ಯದ ಕುಯ್ತ, ತರಚು ಯಾವುದಕ್ಕೂ ಆ ಒತ್ತು ಸಾಕು, ಏಕೆಂದರೆ ಅಲ್ಲಿ ಹೆಚ್ಚಾಗಿ ಹರಿಯುವುದು ಇದಕ್ಕಿಂತ ಬಹಳ ಕಡಿಮೆ ಒತ್ತಡದ ಲೋಮನಾಳ, ಅಭಿಧಮನಿಗಳ ರಕ್ತ.

ಈಗ ಒಬ್ಬರು ಒತ್ತುತ್ತಾರೆ. ಕೈಗೆ ಗ್ಲೌಸ್ ಇಲ್ಲದಿದ್ದರೆ ಬ್ರೆಡ್ಡಿನ ಕವರ್ ತೊಡಿಸಿದರಾಯಿತು. ಮೊದಲ ಸಲ ಎಲ್ಲರೂ ಮಾಡುವ ತಪ್ಪು ಒಂದೇ: ಸಿಕ್ಕ ಬಟ್ಟೆಯನ್ನೆಲ್ಲ ಉಂಡೆ ಮಾಡಿ ಹಾಕಿ, ಮೇಲೆ ಅಂಗೈ ಅಗಲಿಸಿ ಇಡುವುದು. ಕೆಂಪು ನೀರು ಬಟ್ಟೆಯ ಅಡಿಯಿಂದ ಸದ್ದಿಲ್ಲದೆ ಹರಿಯುತ್ತಲೇ ಇರುತ್ತದೆ, ಮೇಲೆ ಮಾತ್ರ ಒಣಗಿರುತ್ತದೆ. ಬಲ ಅಷ್ಟೇ ಇದ್ದು ಜಾಗ ದೊಡ್ಡದಾದರೆ ಒತ್ತಡ ಕಡಿಮೆ ಎಂದು ವಿಜ್ಞಾನದ ಪಾಠದಲ್ಲಿ ಓದಿದ್ದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಆಮೇಲೆ ಕರ್ಚೀಫನ್ನು ನಾಲ್ಕು ಮಡಿಕೆ ಮಾಡಿ, ಪೈಪಿನ ಬಾಯಿಯ ಮೇಲೆ ಸರಿಯಾಗಿ ಇಟ್ಟು, ಅಂಗೈಯ ಬುಡದಿಂದ ಮೊಣಕೈ ನೇರ ಮಾಡಿ ಒತ್ತಲು ಹೇಳುತ್ತೇನೆ. ನೀರು ನಿಲ್ಲುತ್ತದೆ. ಬಟ್ಟೆ ತೊಯ್ದರೆ ಅದನ್ನು ಕೀಳದೆ ಮೇಲೆ ಇನ್ನೊಂದು ಇಟ್ಟು ಇನ್ನೂ ಬಲವಾಗಿ ಒತ್ತಬೇಕು. ಅದೂ ತೊಯ್ದರೆ ಒತ್ತುತ್ತಿರುವ ಜಾಗವೇ ತಪ್ಪಿದೆ ಎಂದು ಅರ್ಥ. ಆಗ ಮಾತ್ರ ತೆಗೆದು, ರಕ್ತ ಎಲ್ಲಿಂದ ಬರುತ್ತಿದೆ ಎಂದು ನೋಡಿ, ಅಲ್ಲಿಗೇ ಮತ್ತೆ ಇಡಬೇಕು.

ಈ ಸಾಧನಕ್ಕೆ ಒಂದು ಮಿತಿಯುಂಟು. ನೀರು ಹೆಪ್ಪುಗಟ್ಟುವುದಿಲ್ಲ. ಮೂರು ನಿಮಿಷಕ್ಕೆ ಕೈ ತೆಗೆದರೂ ಹರಿಯುತ್ತದೆ, ಹತ್ತು ನಿಮಿಷಕ್ಕೆ ತೆಗೆದರೂ ಹರಿಯುತ್ತದೆ. ನಿಜವಾದ ಗಾಯದಲ್ಲಿ ಮೂರು ನಿಮಿಷಕ್ಕೆ ಹೆಪ್ಪು ಇನ್ನೂ ಹಸಿ, ಬಟ್ಟೆಯ ಜೊತೆಗೆ ಕಿತ್ತು ಬರುತ್ತದೆ, ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ಆದ್ದರಿಂದ ಸ್ಪಂಜಿನ ಅಭ್ಯಾಸ ಮುಗಿದ ಮೇಲೆ, ಎಲ್ಲ ಜೋಡಿಗಳೂ ಒಟ್ಟಿಗೆ, ಜೊತೆಗಾರರ ಮುಂಗೈ ಮೇಲೆ ಮಡಿಸಿದ ಕರ್ಚೀಫ್ ಇಟ್ಟು, ಹದವಾಗಿ ಒತ್ತಿ, ಪೂರ್ತಿ ಹತ್ತು ನಿಮಿಷ ಹಿಡಿಯಬೇಕು. ನಾಲ್ಕನೇ ನಿಮಿಷಕ್ಕೆ ಭುಜ ಸೋಲುತ್ತದೆ, ಆರನೆಯದಕ್ಕೆ ಯಾರಾದರೂ "ಸಾಕಾ ಸರ್?" ಅನ್ನುತ್ತಾರೆ. ಕೈ ಬದಲಿಸುವುದನ್ನು ಕಲಿಸಬೇಕಾದದ್ದು ಆಗಲೇ: ಹೊಸ ಕೈ ಹಳೆಯ ಕೈಯ ಮೇಲೆ ಬಂದು ಒತ್ತಿದ ನಂತರವೇ ಹಳೆಯ ಕೈ ಅಡಿಯಿಂದ ಜಾರಿ ಹೊರಬರಬೇಕು.

ಹತ್ತು ನಿಮಿಷದ ನಂತರ ಅದೇ ಬಟ್ಟೆಯ ಮೇಲೆ ಏಳೂವರೆ ಸೆಂ.ಮೀ. ಅಗಲದ ಬ್ಯಾಂಡೇಜ್ ಅಥವಾ ಚೂಡಿದಾರದ ವೇಲ್ ಸುತ್ತುವುದು. ಬಿಗಿ ಹೆಚ್ಚಾಯಿತೇ ಎಂದು ನೋಡಲು ಬೆರಳಿನ ಉಗುರನ್ನು ಐದು ಸೆಕೆಂಡ್ ಅದುಮಿ ಬಿಡಬೇಕು. ಬಿಳುಚಿದ್ದು ಎರಡು ಸೆಕೆಂಡಿನಲ್ಲಿ ಮತ್ತೆ ಕೆಂಪಾಗದಿದ್ದರೆ, ಜೋಮು ಹಿಡಿದರೆ, ಸಡಿಲಿಸಿ ಕಟ್ಟಬೇಕು. ಗಾಜು ಚುಚ್ಚಿಕೊಂಡಿದ್ದರೆ ಕೀಳಬಾರದು, ಎರಡೂ ಪಕ್ಕ ಬಟ್ಟೆಯ ಸುರುಳಿ ಇಟ್ಟು ಒತ್ತಬೇಕು. ಗಾಯದ ಮೇಲ್ಗಡೆ ದಾರ ಬಿಗಿಯುವ ಮಾತನ್ನು ಪ್ರತಿ ತರಗತಿಯಲ್ಲೂ ಯಾರಾದರೂ ಎತ್ತುತ್ತಾರೆ. ತೆಳು ದಾರ ನರಕ್ಕೆ ಪೆಟ್ಟು ಮಾಡುತ್ತದೆ, ಹಿಂತಿರುಗುವ ರಕ್ತವನ್ನಷ್ಟೇ ತಡೆದು ಸ್ರಾವವನ್ನು ಹೆಚ್ಚಿಸಲೂಬಹುದು. ಈ ಪಾಠದಲ್ಲಿ ಅದಕ್ಕೆ ಜಾಗವಿಲ್ಲ.

ಸುಟ್ಟಗಾಯಕ್ಕೆ ಬೇಕಾದ ಸಮಯ 20 ನಿಮಿಷ. ಮೇಲಿನ ಚರ್ಮ ತಣ್ಣಗಾದರೂ ಒಳಪದರದಲ್ಲಿ ಬಿಸಿ ಉಳಿದು ಬೇಯಿಸುತ್ತಲೇ ಇರುತ್ತದೆ. ಉರಿ ನಿಂತಿತು ಎಂಬುದು ಒಳಗೆ ಆರಿತು ಎಂಬುದಕ್ಕೆ ಗುರುತಲ್ಲ. ನಲ್ಲಿಯಲ್ಲಿ ನೀರಿಲ್ಲದಿದ್ದರೆ ಏನು ಮಾಡುವುದು ಎಂಬ ಪ್ರಶ್ನೆ ನಮ್ಮ ಊರುಗಳಲ್ಲಿ ಬಂದೇ ಬರುತ್ತದೆ. ಹಾಗಾಗಿ ಅಭ್ಯಾಸವನ್ನು ಮಗ್ಗಿನಲ್ಲೇ ಮಾಡಿಸುತ್ತೇನೆ: ಒಂದು ಲೀಟರ್ ಮಗ್ಗನ್ನು ಒಂದು ನಿಮಿಷದಲ್ಲಿ ಸಣ್ಣ ಧಾರೆಯಾಗಿ ಖಾಲಿ ಮಾಡಬೇಕು. 20 ಮಗ್ಗು, ಅಂದರೆ ದೊಡ್ಡ ಬಕೆಟ್ ಒಂದು. ಹತ್ತು ಮಗ್ಗಿಗೆ ಜೋಡಿ ಅದಲುಬದಲು. ಈ ನೀರನ್ನು ಗಿಡದ ಬುಡದಲ್ಲೇ ಸುರಿಸಬಹುದು.

ನೀರು ಬೀಳುತ್ತಿರುವಾಗಲೇ ಮುಂದಿನ ಕೆಲಸ. ಉಂಗುರ, ಬಳೆ, ವಾಚು, ಕಾಶಿದಾರ ಮೊದಲ ಎರಡು ನಿಮಿಷದಲ್ಲೇ ಬಿಚ್ಚಬೇಕು, ಬಾವು ಬಂದ ಮೇಲೆ ಅವು ಜಗ್ಗುವುದಿಲ್ಲ. ಬಟ್ಟೆ ಸಡಿಲವಿದ್ದರೆ ತೆಗೆಯಬೇಕು, ಚರ್ಮಕ್ಕೆ ಅಂಟಿದ್ದರೆ ಹಾಗೇ ಬಿಟ್ಟು ಮೇಲೆ ನೀರು ಹಾಕಬೇಕು. ಉಳಿದ ಹದಿನೆಂಟು ನಿಮಿಷದಲ್ಲಿ ಮಕ್ಕಳ ಮನೆಗಳಲ್ಲಿ ಸುಟ್ಟ ಜಾಗಕ್ಕೆ ಏನೇನು ಹಚ್ಚುತ್ತಾರೆಂದು ಹೇಳಿಸುತ್ತೇನೆ. ಟೂತ್‌ಪೇಸ್ಟ್, ಶಾಯಿ, ಅರಿಶಿನ, ಬೆಣ್ಣೆ, ಇಡ್ಲಿ ಹಿಟ್ಟು, ಪಟ್ಟಿ ಉದ್ದವೇ. ಅಜ್ಜಿಯನ್ನು ನಗೆಪಾಟಲು ಮಾಡುವುದು ಉದ್ದೇಶವಲ್ಲ. ಹಚ್ಚಿದ್ದನ್ನೆಲ್ಲ ಡಾಕ್ಟರು ಕೆರೆದು ತೆಗೆದ ಮೇಲೆಯೇ ಗಾಯದ ಆಳ ಗೊತ್ತಾಗುವುದು, ಆ ಕೆರೆತದ ನೋವು ಮಗುವಿಗೇ. ಐಸ್ ಕೂಡ ಬೇಡ: ರಕ್ತನಾಳಗಳು ಕುಗ್ಗಿ, ಬದುಕಬಹುದಾಗಿದ್ದ ಚರ್ಮವೂ ಸಾಯುತ್ತದೆ. ಪುಟ್ಟ ಮಕ್ಕಳಿಗೆ ನೀರು ಹಾಕುವಾಗ ಸುಟ್ಟ ಜಾಗ ಬಿಟ್ಟು ಉಳಿದ ಮೈಗೆ ಹೊದಿಸಬೇಕು, ನಡುಗಿದರೆ ನಿಲ್ಲಿಸಬೇಕು.

ಮುಚ್ಚಲು ಹೊಸ ಪ್ಲಾಸ್ಟಿಕ್ ಕವರನ್ನು ಕೈಗೆ ಸಡಿಲವಾಗಿ ತೊಡಿಸಿದರೆ ಗಾಯಕ್ಕೆ ಅಂಟುವುದಿಲ್ಲ, ಒಳಗಿನದೂ ಕಾಣುತ್ತದೆ. ಗುಳ್ಳೆ ಒಡೆಯಬಾರದು. ಗಾಯಗೊಂಡವರದೇ ಅಂಗೈಗಿಂತ ದೊಡ್ಡ ಸುಟ್ಟಗಾಯ, ಮುಖ, ಕೈ, ಪಾದ, ಕೀಲು, ಗುಪ್ತಾಂಗದ ಗಾಯ, ಕರೆಂಟು ಅಥವಾ ಆಸಿಡ್‌ನಿಂದ ಆದದ್ದು ಎಷ್ಟೇ ಚಿಕ್ಕದಿರಲಿ, ಆಸ್ಪತ್ರೆಗೇ. ಕರೆಂಟಾದರೆ ಮುಟ್ಟುವ ಮೊದಲು ಮೇನ್ ಆಫ್.

ತಲೆಸುತ್ತಿ ಬೀಳುವುದನ್ನು ಮಕ್ಕಳು ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಕಂಡೇ ಇರುತ್ತಾರೆ. ಖಾಲಿ ಹೊಟ್ಟೆ, ಬಿಸಿಲು, ಮಂಡಿ ಬಿಗಿ ಹಿಡಿದು ಅಲುಗದೆ ನಿಲ್ಲುವುದು: ರಕ್ತ ಕಾಲಿನಲ್ಲಿ ನಿಂತು ಮಿದುಳಿಗೆ ಕಡಿಮೆಯಾಗುತ್ತದೆ. ಮುಖ ಬಿಳುಚುವುದು, ಬೆವರು, ಆಕಳಿಕೆ, ಕಿವಿಯಲ್ಲಿ ಗುಯ್‌ಗುಡುವುದು ಮುನ್ಸೂಚನೆ. ಜೋಡಿಯಲ್ಲಿ ಒಬ್ಬರು "ಕಣ್ಣು ಕತ್ತಲಾಗ್ತಿದೆ" ಅಂದರೆ ಇನ್ನೊಬ್ಬರು ಭುಜ ಹಿಡಿದು ನಿಂತಲ್ಲೇ ಕೂರಿಸಿ ಮಲಗಿಸಬೇಕು, ನೆರಳಿಗೆ ನಡೆಸಿಕೊಂಡು ಹೋಗಬಾರದು. ನಡೆಸುವಾಗಲೇ ಬಿದ್ದು ಹಲ್ಲು ಮುರಿಯುವುದು. ಕಾಲಡಿಗೆ ಎರಡು ಶಾಲಾ ಬ್ಯಾಗು, ಸುಮಾರು ಒಂದು ಅಡಿ ಎತ್ತರ. ಆಮೇಲೆ ಗಡಿಯಾರ. ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಎಚ್ಚರವಾಗುತ್ತದೆ. ಎಚ್ಚರವಾದ ಮೇಲೆ ಹತ್ತು ನಿಮಿಷ ಮಲಗಿಯೇ ಇರಬೇಕು, ನಂತರ ಕೂತು ಎರಡು ನಿಮಿಷ, ನಂತರ ನಿಲ್ಲುವುದು. ಪೂರ್ತಿ ಎಚ್ಚರವಾಗುವವರೆಗೆ ಬಾಯಿಗೆ ನೀರು ಹಾಕಬಾರದು, ಅದು ಶ್ವಾಸನಾಳಕ್ಕೆ ಹೋದೀತು.

ಬಿದ್ದವರು ಕರೆದರೆ ಓಗೊಡದಿದ್ದರೆ ಹತ್ತು ಸೆಕೆಂಡ್ ಎದೆ ನೋಡಬೇಕು. ಉಸಿರಿದ್ದು ಒಂದು ನಿಮಿಷಕ್ಕೂ ಎಚ್ಚರವಾಗದಿದ್ದರೆ ಮಗ್ಗುಲಿಗೆ ತಿರುಗಿಸಿ 108ಕ್ಕೆ ಕರೆ. ಉಸಿರಿಲ್ಲದಿದ್ದರೆ, ಅಥವಾ ಆಗೊಮ್ಮೆ ಈಗೊಮ್ಮೆ ಏದುಸಿರು ಮಾತ್ರ ಇದ್ದರೆ, ಅದು ತಲೆಸುತ್ತಲ್ಲ. ಕರೆ ಮಾಡಿಸಿ ಕೂಡಲೇ ಎದೆ ಒತ್ತಲು ಶುರುಮಾಡಬೇಕು, ಅದಕ್ಕೆ ಬೇರೆಯೇ ತರಗತಿ ಇಡುತ್ತೇನೆ. ನಿಂತು ಬಿದ್ದವರಿಗಿಂತ ಓಡುತ್ತಾ ಬಿದ್ದವರ ಬಗ್ಗೆ ಹೆಚ್ಚು ಎಚ್ಚರ ಬೇಕು. ಐದೇ ನಿಮಿಷದಲ್ಲಿ ಚೆನ್ನಾಗಿ ಕಂಡರೂ ಅವರ ಹೃದಯವನ್ನು ಅದೇ ದಿನ ಪರೀಕ್ಷೆ ಮಾಡಿಸಬೇಕು.

ಕೊನೆಯ ಹದಿನೈದು ನಿಮಿಷಕ್ಕೆ ಒಂದೇ ಸನ್ನಿವೇಶ, ಮೂವರು. ಹಲಸಿನ ಹಣ್ಣು ಕೊಯ್ಯುವಾಗ ಒಬ್ಬಳ ಅಂಗೈಗೆ ಚಾಕು ತಗಲಿದೆ, ರಕ್ತ ಕಂಡು ಪಕ್ಕದವಳಿಗೆ ತಲೆಸುತ್ತು, ಸಹಾಯಕ್ಕೆ ಇರುವವಳು ಒಬ್ಬಳೇ. ಹೆಚ್ಚಿನ ಮಕ್ಕಳು ಗಾಯ ಬಿಟ್ಟು ಬಿದ್ದವಳ ಕಡೆಗೆ ಓಡುತ್ತಾರೆ, ಅದು ನೋಡಲು ಹೆಚ್ಚು ಭಯಾನಕ. ಸರಿಯಾದ ಕ್ರಮ ಹೀಗೆ: "ಕೂತ್ಕೊಳೇ, ನಿನ್ ಕೈ ನೀನೇ ಒತ್ತು" ಎಂದು ಬಟ್ಟೆ ಕೊಟ್ಟು ಮೊದಲನೆಯವಳನ್ನು ನೆಲಕ್ಕೆ ಕೂರಿಸುವುದು, ಹತ್ತು ಸೆಕೆಂಡಿನ ಕೆಲಸ. ಆಮೇಲೆ ಬಿದ್ದವಳ ಉಸಿರು ನೋಡಿ ಕಾಲನ್ನು ಮಣೆಯ ಮೇಲೆ ಎತ್ತಿಡುವುದು, ಅರ್ಧ ನಿಮಿಷ. ತಕ್ಷಣ ವಾಪಸ್ಸು ಬಂದು ಒತ್ತಿದ ಕೈಯ ಮೇಲೆ ತನ್ನ ಕೈ ಇಟ್ಟು, ಗೋಡೆ ಗಡಿಯಾರ ನೋಡಿ ಹೊತ್ತನ್ನು ಜೋರಾಗಿ ಹೇಳುವುದು. ಮಲಗಿದವಳು ಕಣ್ಣು ಬಿಟ್ಟು ಏಳಲು ಹೊರಟರೆ ಕೈ ತೆಗೆಯದೆ, ಕೂತಲ್ಲಿಂದಲೇ ಕೂಗಿ ಮಲಗಿಸಬೇಕು.