ಬದಿಯಡ್ಕದ ಅಂಗಡಿಯಲ್ಲಿ ಕೂತು ಚೆಸ್ ಕಲಿತದ್ದು: ಯಾವ ಪುಸ್ತಕದ ನಂತರ ಯಾವುದು

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಮೂರು ವರ್ಷದಲ್ಲಿ ಚೆಸ್ ಪುಸ್ತಕಗಳಿಗೆ ಸುಮಾರು ಏಳು ಸಾವಿರ ರೂಪಾಯಿ ಸುರಿದಿದ್ದೇನೆ. ಅದರಲ್ಲಿ ಕೆಲಸಕ್ಕೆ ಬಂದದ್ದು ಎರಡೂವರೆ, ಹೆಚ್ಚೆಂದರೆ ಮೂರು ಸಾವಿರದ್ದು. ಉಳಿದವು ಹೊತ್ತಲ್ಲದ ಹೊತ್ತಿಗೆ ಕೊಂಡವು.

ನನ್ನದು ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಪೈಪು, ಪಂಪಿನ ಅಂಗಡಿ. ಮಧ್ಯಾಹ್ನ ಎರಡರಿಂದ ನಾಲ್ಕು ಗಿರಾಕಿ ಕಮ್ಮಿ. ನಲವತ್ತೆರಡಕ್ಕೆ ಚೆಸ್ ಶುರು ಮಾಡಿದಾಗ ಪಕ್ಕದ ಅಂಗಡಿಯವರು ನಕ್ಕರು. "ಪುಸ್ತಕ ಓದಿ ಈಜು ಕಲಿತವರುಂಟಾ ಮಾರಾಯ್ರೇ?" ಅಂದರು. ಈಗ ಅವರೇ ನನ್ನ ಹತ್ತಿರ ಪುಸ್ತಕ ಕೇಳುತ್ತಿದ್ದಾರೆ. ಹಾಗಾಗಿ ಬರೆಯುತ್ತಿದ್ದೇನೆ.

ನಿಯಮ ಗೊತ್ತುಂಟು ಅಂತ ನಾನು ಭಾವಿಸಿದ್ದೆ. ಅದೇ ಮೊದಲ ಪೆಟ್ಟು. ನಾನು ಕಲಿತದ್ದು ಅಜ್ಜನ ಮನೆ ಜಗಲಿಯ ಆಟ. ಅಲ್ಲಿ ಕಾಲಾಳು ಯಾವಾಗಲೂ ಒಂದೇ ಮನೆ ನಡೆಯುವುದು. ರಾಜ ಒಂದು ಸಲ ಕುದುರೆಯ ಹಾಗೆ ಹಾರಬಹುದು. ಮೊದಲ ಟೂರ್ನಮೆಂಟಿನಲ್ಲಿ ಕ್ಯಾಸಲಿಂಗ್, ಅಂದರೆ ರಾಜ ಮತ್ತು ಆನೆಯನ್ನು ಒಂದೇ ನಡೆಯಲ್ಲಿ ಸರಿಸುವುದು, ಮಾಡಲು ಹೋಗಿ ಮೊದಲು ಆನೆ ಮುಟ್ಟಿದೆ. ತೀರ್ಪುಗಾರರು ಬಂದು "ಆನೆಯನ್ನೇ ನಡೆಸಿ" ಅಂದರು. ರಾಜನನ್ನು ಮೊದಲು ಮುಟ್ಟಬೇಕಂತೆ. ಆ ಆಟ ಅಲ್ಲಿಗೇ ಹೋಯಿತು. ನಿಯಮಕ್ಕೆ ದುಡ್ಡು ಕೊಡಬೇಡಿ. ಚೆಸ್ಸಿನ ಅಂತಾರಾಷ್ಟ್ರೀಯ ಒಕ್ಕೂಟ ಫಿಡೆಯ ನಿಯಮಾವಳಿ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಮುಟ್ಟಿದ ಕಾಯಿ, ಕ್ಯಾಸಲಿಂಗ್, ಡ್ರಾ ಈ ಮೂರು ಭಾಗ ಎರಡೆರಡು ಸಲ ಓದಿದರೆ ಸಾಕು.

ನಮ್ಮ ಕಡೆಗೆ ಮಾತ್ರ ಇನ್ನೊಂದು ತಾಪತ್ರಯ ಉಂಟು. ಮಲಯಾಳದವರ 'ಆನ' ಅಂದರೆ ನಮ್ಮ ಒಂಟೆ. ನಮ್ಮ ಆನೆ ಅವರಿಗೆ 'ತೇರ್'. ಎದುರು ಟೈಲರ್ ಅಂಗಡಿಯ ಇಕ್ಕನ ಜೊತೆ ಒಂದು ವಾರ ಜಗಳವಾಡಿದ ಮೇಲೆ ಇದು ಗೊತ್ತಾಯಿತು. ಈಗ ಇಬ್ಬರೂ ರೂಕ್, ಬಿಷಪ್ ಅನ್ನುತ್ತೇವೆ.

ಮೊದಲು ಓದಬೇಕಾದದ್ದು 1966ರಲ್ಲಿ ಬಂದ 'ಬಾಬಿ ಫಿಷರ್ ಟೀಚಸ್ ಚೆಸ್'. ನಾನು ಇದಕ್ಕಿಂತ ಮುಂಚೆ ಏಳುನೂರು ಕೊಟ್ಟು ಒಂದು ಓಪನಿಂಗ್ ಪುಸ್ತಕ ತಂದಿದ್ದೆ. ಸಿಸಿಲಿಯನ್‌ನ ಹನ್ನೆರಡು ನಡೆ ಬಾಯಿಪಾಠ ಮಾಡಿದೆ. ಎದುರಾಳಿ ಮೂರನೆಯ ನಡೆಗೇ ದಾರಿ ಬಿಟ್ಟ. ಅಷ್ಟೇ. ಫಿಷರ್ ಪುಸ್ತಕದಲ್ಲಿ ಓದುವುದು ಅಂತ ಜಾಸ್ತಿ ಇಲ್ಲ. ಒಂದು ಚಿತ್ರ, ಒಂದು ಪ್ರಶ್ನೆ, ಪುಟ ತಿರುಗಿಸಿದರೆ ಉತ್ತರ. ಬಲಗಡೆಯ ಪುಟಗಳನ್ನೇ ಮುಗಿಸಿ, ಪುಸ್ತಕ ತಲೆಕೆಳಗೆ ಮಾಡಿ ವಾಪಸ್ ಬರಬೇಕು. ನಾನು ಪ್ರಿಂಟ್ ತಪ್ಪಾಗಿದೆ ಅಂತ ಮಂಗಳೂರಿಗೆ ಬಸ್ಸು ಹತ್ತಿ ಅಂಗಡಿಗೆ ವಾಪಸ್ ಕೊಡಲು ಹೋಗಿದ್ದೆ! ಅದರಲ್ಲಿ ಹೆಚ್ಚು ಕಮ್ಮಿ ಮೇಟ್ ಮಾತ್ರ, ಅದೂ ಕೊನೆಯ ಸಾಲಿನ ಮೇಟ್ ಜಾಸ್ತಿ. ಹತ್ತು ದಿನದಲ್ಲಿ ಮುಗಿಯಿತು.

ಹಳೆ ಪುಸ್ತಕ ಕೊಳ್ಳುವವರು ಒಂದು ಪುಟ ತೆರೆದು ನೋಡಿ. e4 ಅಂತ ಇದ್ದರೆ ಸರಿ. P-K4 ಅಂತ ಇದ್ದರೆ ಹಳೆಯ ಬರವಣಿಗೆ. ಎರಡು ಕಡೆಯವರೂ ತಮ್ಮ ತಮ್ಮ ಕಡೆಯಿಂದ ಮನೆ ಎಣಿಸುವ ಪದ್ಧತಿ ಅದು. ನೂರೈವತ್ತಕ್ಕೆ ಸಿಕ್ಕಿತು ಅಂತ ಒಂದು ತಂದು, ತಲೆ ಗಿರ್ರೆಂದು ಮಡಚಿಟ್ಟೆ.

ಆಮೇಲೆ ಟ್ಯಾಕ್ಟಿಕ್ಸ್, ಅಂದರೆ ಕಾಯಿ ಹೊಡೆಯುವ, ಮೇಟ್ ಮಾಡುವ ಉಪಾಯಗಳು. ಇಲ್ಲಿ ಆರು ತಿಂಗಳು ಹಾಳು ಮಾಡಿದೆ. ಲಾಸ್ಲೋ ಪೊಲ್ಗಾರ್ ಅವರ 5334 ಲೆಕ್ಕಗಳ ದಪ್ಪ ಪುಸ್ತಕ ತಂದೆ. ಮೊದಲ 306 ಒಂದೇ ನಡೆಯ ಮೇಟ್‌ಗಳು. ಬಹಳ ಒಳ್ಳೆಯವು, ಮಾಡಲೇಬೇಕು. ಅದರ ನಂತರ ಎರಡು ನಡೆಯ ಮೇಟ್ ಮೂರು ಸಾವಿರಕ್ಕೂ ಮೇಲೆ ಇವೆ. ನಾನು ಹಟ ಹಿಡಿದು ಎಂಟುನೂರರವರೆಗೆ ಹೋದೆ. ಆದರೆ ಆಟದಲ್ಲಿ ಕುದುರೆ ಸುಮ್ನೆ ಬಿಟ್ಟುಕೊಡುವುದು ನಿಲ್ಲಲಿಲ್ಲ. ಕಾರಣ ಆಮೇಲೆ ಹೊಳೆಯಿತು. ಅದರಲ್ಲಿ ಬಹಳಷ್ಟು ಕಟ್ಟಿದ ಲೆಕ್ಕಗಳು, ಆಟದಲ್ಲಿ ಬರುವಂಥವಲ್ಲ. ನಾವು ಸೋಲುವುದು ಕಾಯಿ ಕಳಕೊಂಡು, ಮೇಟ್ ಕಾಣದೆ ಅಲ್ಲ.

306 ಮುಗಿಸಿದ ಕೂಡಲೇ ಮಸೆಟ್ಟಿ ಮತ್ತು ಮೆಸ್ಸಾ ಬರೆದ '1001 ಚೆಸ್ ಎಕ್ಸರ್ಸೈಸಸ್ ಫಾರ್ ಬಿಗಿನರ್ಸ್'ಗೆ ಹೋಗಬೇಕಿತ್ತು. ಪಿನ್, ಎರಡು ಕಾಯಿಗೆ ಒಟ್ಟಿಗೆ ಗುರಿ, ಹೀಗೆ ವಿಷಯವಾರು ಅಧ್ಯಾಯ ಇವೆ. ಒಂದು ಕೊರತೆ: ಅಧ್ಯಾಯದ ಹೆಸರೇ ಅರ್ಧ ಉತ್ತರ ಹೇಳಿಬಿಡುತ್ತದೆ. ಅದಕ್ಕೆ ಒಂದು ಸುತ್ತು ಮುಗಿಸಿದ ಮೇಲೆ ಲೆಕ್ಕದ ನಂಬ್ರಗಳನ್ನು ಚೀಟಿಯಲ್ಲಿ ಬರೆದು ಬಿಸ್ಕತ್ತಿನ ಡಬ್ಬಿಗೆ ಹಾಕಿದೆ. ದಿನಕ್ಕೆ ಇಪ್ಪತ್ತು ಚೀಟಿ. ಮೊದಲ ವಾರ ಇಪ್ಪತ್ತರಲ್ಲಿ ಹನ್ನೊಂದೋ ಹನ್ನೆರಡೋ ಸರಿ, ಮೂರು ತಿಂಗಳಲ್ಲಿ ಹದಿನೆಂಟರ ಹತ್ತಿರ. ತಪ್ಪಿದ ಚೀಟಿಗಳನ್ನು ಎಷ್ಟು ದಿನಕ್ಕೆ ವಾಪಸ್ ಡಬ್ಬಿಗೆ ಹಾಕುತ್ತೇನೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಎದುರಂಗಡಿಯವರೂ ಇದನ್ನು ಓದುತ್ತಾರೆ.

ನಡುವೆ ಬೋರ್ಡ್ ಇಲ್ಲದೆ, ಬರೀ ಚಿತ್ರ ನೋಡಿ ಮಾಡುವ ಪ್ರಯೋಗ ಮಾಡಿದೆ. ಬಸ್ಸಿನಲ್ಲಿ ಒಳ್ಳೆಯದು. ಟ್ಯಾಕ್ಟಿಕ್ಸ್‌ಗೆ ಸಾಗುತ್ತದೆ, ಕಾಯಿಗಳು ಕೆಲವೇ ಉಳಿದಿರುವ ಕೊನೆಯ ಹಂತಕ್ಕೆ, ಎಂಡ್‌ಗೇಮಿಗೆ, ಸಾಗುವುದಿಲ್ಲ. ಅದಕ್ಕೆ ಕಾಯಿ ಇಟ್ಟು ಎರಡೂ ಕಡೆಯಿಂದ ಆಡಲೇಬೇಕು.

ಎಂಡ್‌ಗೇಮಿಗೆ ಜೆರೆಮಿ ಸಿಲ್ಮನ್ ಅವರ 'ಕಂಪ್ಲೀಟ್ ಎಂಡ್‌ಗೇಮ್ ಕೋರ್ಸ್'. ರೇಟಿಂಗ್ ಪ್ರಕಾರ ಅಧ್ಯಾಯ ಮಾಡಿದ್ದಾರೆ. ನಿಮ್ಮ ಮಟ್ಟದ್ದು ಮುಗಿದ ಕೂಡಲೇ ನಿಲ್ಲಿಸಿ. ನಾನು ಮೊದಲ ಎರಡು ಅಧ್ಯಾಯದಲ್ಲಿ ನಾಲ್ಕು ತಿಂಗಳು ಇದ್ದೆ. ಇದಕ್ಕೆ ನನ್ನನ್ನು ದೂಡಿದ್ದು ಕಾಸರಗೋಡಿನಲ್ಲಿ ಏಳನೇ ಕ್ಲಾಸಿನ ಒಬ್ಬ ಹುಡುಗ.

ಬೋರ್ಡ್ ಇಡಿ. ನನ್ನದು ಬಿಳಿ: ರಾಜ d3, ಕಾಲಾಳು e2. ಅವನ ರಾಜ e6. ಬೇರೇನಿಲ್ಲ, ನಡೆ ನನ್ನದು. ಕಾಲಾಳು ಓಡಿಸಿದರೆ ಮಂತ್ರಿ ಆಗುತ್ತದಲ್ವಾ ಅಂತ e4 ಆಡಿದೆ. ಅವನು ರಾಜನನ್ನು e5ಕ್ಕೆ ತಂದು ಕಾಲಾಳಿನ ಮುಂದೆಯೇ ನಿಂತ. ನನ್ನ ರಾಜ ಕಾಲಾಳಿನ ಮುಂದೆ ಬರುವ ದಾರಿಯೇ ಮುಚ್ಚಿತು. ಕಾಲಾಳನ್ನು ಏಳನೆಯ ಸಾಲಿಗೆ ದೂಡಿದೆ. ಅವನ ರಾಜ e8ರಲ್ಲಿ, ನಾನು e6ಕ್ಕೆ ಬಂದೆ. ಅವನಿಗೆ ಚೆಕ್ ಇಲ್ಲ, ನಡೆಯಲು ಮನೆಯೂ ಇಲ್ಲ: ಸ್ಟೇಲ್‌ಮೇಟ್. ಹುಡುಗ "ಡ್ರಾ, ಮಾಮ" ಅಂದು ಕೈ ಚಾಚಿದ. ಆ ಅರ್ಧ ಪಾಯಿಂಟಿಗೆ ಐನೂರು ರೂಪಾಯಿ ಬಹುಮಾನ ತಪ್ಪಿತು.

ಸರಿಯಾದ ನಡೆ ರಾಜ e4. ಈಗ ಎರಡು ರಾಜರು ಎದುರುಬದುರು, ನಡುವೆ ಒಂದೇ ಮನೆ, ನಡೆ ಅವನದ್ದು. ಅವನು d6ಕ್ಕೆ ಸರಿದರೆ ನಾನು f5. ಅವನು f6ಕ್ಕೆ ಸರಿದರೆ ನಾನು d5. ರಾಜ ಮುಂದೆ, ಕಾಲಾಳು ಹಿಂದೆ. ಕಾಲಾಳು e2ರಲ್ಲೇ ಇರುವುದೂ ಆಸ್ತಿ. ಅದೇ ಎದುರುಬದುರು ನಿಲುವಿನಲ್ಲಿ ನಡೆ ನನ್ನದಾಗಿದ್ದರೆ ಕಾಲಾಳನ್ನು e3ಕ್ಕೆ ಒಂದು ಮನೆ ಇಡುತ್ತೇನೆ, ಸರದಿ ಅವನ ಕುತ್ತಿಗೆಗೆ ಬೀಳುತ್ತದೆ. ಆತುರಪಟ್ಟು ಮೊದಲೇ e3 ಆಡಿಬಿಟ್ಟಿದ್ದರೆ ಆ ಉಳಿಕೆ ನಡೆಯೇ ಇರುವುದಿಲ್ಲ.

ಇದನ್ನು ಇಕ್ಕನ ಜೊತೆ ಮೂವತ್ತು ನಲವತ್ತು ಸಲ ಆಡಿರಬೇಕು, ಒಮ್ಮೆ ಬಿಳಿ, ಒಮ್ಮೆ ಕಪ್ಪು. ಮುಂದಿನ ವರ್ಷ ಕುಂಬಳೆಯಲ್ಲಿ ಹೆಚ್ಚು ಕಮ್ಮಿ ಇದೇ ನಿಲುವು ಬಂತು. ಎದುರಿಗೆ ಇದ್ದವರು ಪುಸ್ತಕ ನೋಡಿ ನಕ್ಕವರಲ್ಲಿ ಒಬ್ಬರು. ರಾಜನನ್ನು ಮುಂದೆ ಇಟ್ಟೆ. ಗಡಿಯಾರದಲ್ಲಿ ನನಗೆ ಎರಡು ನಿಮಿಷವೂ ಇರಲಿಲ್ಲ, ಗೆದ್ದೆ.

ರೂಕ್ ಎಂಡ್‌ಗೇಮ್ ಇನ್ನೂ ಕೈಗೆ ಹತ್ತಿಲ್ಲ. ಡೆ ಲಾ ವಿಲ್ಲಾ ಅವರ 'ನೂರು ಎಂಡ್‌ಗೇಮ್' ಪುಸ್ತಕ ಎರಡು ವರ್ಷ ಮುಂಚೆಯೇ ತಂದು, ಮಳೆಗಾಲದಲ್ಲಿ ಬೂಷ್ಟು ಹಿಡಿಸಿದ್ದೇನೆ. ಬಿಸಿಲಿಗೆ ಇಟ್ಟು ಒಣಗಿಸಿದ್ದಾಯಿತು. ಈ ತುಲಾ ತಿಂಗಳು ಕಳೆದ ಮೇಲೆ ತೆರೆಯಬೇಕು.