ಪರೀಕ್ಷೆಯ ಹಿಂದಿನ ದಿನ: ಮೊದಲು ಬಸ್ಸಿನ ಲೆಕ್ಕ, ಆಮೇಲೆ ಪುಸ್ತಕ

ಮಲೆನಾಡಿನ ಹಳ್ಳಿಯಿಂದ ಪೇಟೆಯ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯುವವರು ಹಿಂದಿನ ದಿನದ ಯೋಜನೆಯನ್ನು ಬಸ್ಸಿನಿಂದ ಶುರು ಮಾಡಬೇಕು. ಎಷ್ಟು ಹೊತ್ತಿಗೆ ಮಲಗಬೇಕು, ಪುಸ್ತಕ ಯಾವಾಗ ಮುಚ್ಚಬೇಕು ಎನ್ನುವುದೆಲ್ಲ ಅದರಿಂದಲೇ ಗೊತ್ತಾಗುತ್ತದೆ.

ಒಂದು ಉದಾಹರಣೆ ನೋಡೋಣ. ಮಂಡಗದ್ದೆಯಿಂದ ಮೂರು ಕಿಲೋಮೀಟರ್ ಒಳಗಿನ ಮನೆ. ದ್ವಿತೀಯ ಪಿಯು ಭೌತಶಾಸ್ತ್ರ ಪರೀಕ್ಷೆ, ಕೇಂದ್ರ ತೀರ್ಥಹಳ್ಳಿ. ಪ್ರವೇಶಪತ್ರದಲ್ಲಿ 10 ಗಂಟೆ ಎಂದಿದೆ ಅಂದುಕೊಳ್ಳಿ. 9.30ಕ್ಕೆ ಗೇಟಿನ ಹತ್ತಿರ ಇರಬೇಕು. ಬಸ್ ನಿಲ್ದಾಣದಿಂದ ಕಾಲೇಜಿಗೆ ನಡೆಯಲು ಇಪ್ಪತ್ತು ನಿಮಿಷ ಬೇಕು, ಅಂದರೆ 9.10ರೊಳಗೆ ಇಳಿದಿರಬೇಕು. ಅಲ್ಲಲ್ಲಿ ನಿಲ್ಲಿಸಿಕೊಂಡು ಹೋಗುವ ಬಸ್ಸಿಗೆ ಒಂದು ಗಂಟೆ ಹಿಡಿಯಿರಿ. ಹಾಗಾದರೆ 8.10ರ ಬಸ್ ಸಾಕು, ಅಲ್ವಾ? ಸಾಲದು. ಅದರ ಹಿಂದಿನ ಬಸ್ಸನ್ನೇ ಹತ್ತಬೇಕು. ಅದು 7.30ಕ್ಕಿದ್ದರೆ ಬೈಕಿನಲ್ಲಿ 7.05ಕ್ಕೆ ಮನೆ ಬಿಡಬೇಕು, 5.45ಕ್ಕೆ ಏಳಬೇಕು, ರಾತ್ರಿ 10ಕ್ಕೆ ಮಲಗಿರಬೇಕು.

ಒಂದು ಬಸ್ ಮುಂಚೆ ಯಾಕೆ ಎಂದರೆ, ಮಾರ್ಚ್ ಏಪ್ರಿಲ್ ಅಂದರೆ ಮದುವೆ ಸೀಸನ್. ಖಾಸಗಿ ಬಸ್ ಮದುವೆಗೆ ಹೋದರೆ ಆ ದಿನದ ಟ್ರಿಪ್ ಕಟ್. ಸಂಜೆ ಗಾಳಿಮಳೆ ಬಂದರೆ ಬೆಳಗ್ಗೆ ರಸ್ತೆಗೆ ಅಡ್ಡಲಾಗಿ ಮರ ಬಿದ್ದಿರಬಹುದು. ಹಾಗಾಗಿ ಹಿಂದಿನ ದಿನವೇ ಕಂಡಕ್ಟರನ್ನು ಕೇಳಿ, 'ಅಣ್ಣಾ, ನಾಳೆ ಈ ಬಸ್ ಇದೆ ತಾನೆ?' ಅಂತ. ಜೊತೆಗೆ, ಕಾರೋ ಜೀಪೋ ಇರುವ ನೆರೆಯವರಿಗೂ ಒಂದು ಮಾತು ಹೇಳಿಡಿ.

ಇನ್ನು ಓದು. ಹೊಸ ಅಧ್ಯಾಯ ತೆಗೆಯಲೇಬೇಡಿ. ಬರುತ್ತದೆ ಎಂದುಕೊಂಡಿದ್ದು ನಿಜವಾಗಿ ಬರುತ್ತದೋ ಇಲ್ಲವೋ ನೋಡುವುದಷ್ಟೇ ಇವತ್ತಿನ ಕೆಲಸ. ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ವೀಟ್‌ಸ್ಟನ್ ಬ್ರಿಡ್ಜ್‌ನ ಚಿತ್ರ ಬರೆಯಿರಿ. ಪ್ರವಾಹದ ಬಾಣ ಗುರುತಿಸಿ, ಕಿರ್ಚಾಫ್ ನಿಯಮದ ಮೊದಲ ಎರಡು ಸಮೀಕರಣ ಬರೆಯಿರಿ. ಅಷ್ಟು ಸರಿಯಾಗಿ ಬಂದರೆ ಮುಂದಿನದಕ್ಕೆ ಹೋಗಿ, ಪೂರ್ತಿ ಬರೆಯುತ್ತಾ ಕೂರಬೇಡಿ. ಎಡವಿದರೆ ಒಮ್ಮೆ ಪುಸ್ತಕ ನೋಡಿ, ಮತ್ತೆ ಮುಚ್ಚಿ ಬರೆಯಿರಿ. ಸುಮ್ನೆ ಪುಟ ತಿರುವುತ್ತಾ ಹೋದರೆ ಎಲ್ಲವೂ ಗೊತ್ತಿರುವ ಹಾಗೇ ಕಾಣುತ್ತದೆ, ತಪ್ಪು ಎಲ್ಲಿದೆ ಎನ್ನುವುದು ಮಾತ್ರ ಗೊತ್ತಾಗುವುದಿಲ್ಲ. ಸಂಜೆ ಕರೆಂಟ್ ಹೋಗುವ ಕಾಲವಿದು. ಬರೆದು ನೋಡುವ ಕೆಲಸ ಬೆಳಕಿರುವಾಗಲೇ ಮುಗಿಯಲಿ, ಯೂನಿಫಾರ್ಮ್ ಇಸ್ತ್ರಿ, ಫೋನ್ ಚಾರ್ಜ್ ಕೂಡ.

ಬ್ಯಾಗನ್ನು ಊಟಕ್ಕೆ ಮೊದಲೇ ತುಂಬಿಸಿ. ಪ್ರವೇಶಪತ್ರ ಪ್ಲಾಸ್ಟಿಕ್ ಕವರಿನಲ್ಲಿರಲಿ. ಪೆನ್ನುಗಳು ಹೊಸವು ಬೇಡ, ಒಂದೆರಡು ದಿನ ಬರೆದು ಪಳಗಿಸಿದವು ಇರಲಿ. ಪೆನ್ಸಿಲ್, ಸ್ಕೇಲ್, ರಬ್ಬರ್, ನೀರು ಸಾಕು. ಫೋನನ್ನು ಪರೀಕ್ಷಾ ಕೇಂದ್ರದೊಳಗೆ ಬಿಡುವುದಿಲ್ಲ. ಬೇಕಾದ ನಂಬರುಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಹೆಣ್ಣುಮಕ್ಕಳಿಗೆ ಒಂದು ಮಾತು: ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮ ಕಡೆ ಮೊದಲು ಬರುವುದು ಖಾಸಗಿ ಬಸ್ಸೇ ಆಗಿರಬಹುದು. ಚಿಲ್ಲರೆ ದುಡ್ಡು ಜೊತೆಗಿರಲಿ.

ನಿದ್ದೆಯ ವಿಷಯದಲ್ಲಿ ಎರಡು ತಪ್ಪು ಜಾಸ್ತಿ. ಒಂದು, ದಿನಾ 11ಕ್ಕೆ ಮಲಗುವವರು ಅವತ್ತು 8.30ಕ್ಕೇ ಹಾಸಿಗೆ ಸೇರುವುದು. ದೇಹದ ಗಡಿಯಾರ ಅಷ್ಟು ಬೇಗ ಬದಲಾಗುವುದಿಲ್ಲ. ಮಾಮೂಲಿ ಹೊತ್ತಿಗಿಂತ ಮುಂಚಿನ ಒಂದೆರಡು ಗಂಟೆ ನಿದ್ದೆ ಹತ್ತುವುದೇ ಕಷ್ಟ. ಹೊರಳಾಡುತ್ತಾ ಗಾಬರಿ ಹೆಚ್ಚುತ್ತದೆ. ನಾಲ್ಕು ದಿನ ಮೊದಲಿನಿಂದ ದಿನಕ್ಕೆ ಕಾಲು ಗಂಟೆಯಂತೆ ಬೇಗ ಮಲಗುತ್ತಾ ಬನ್ನಿ. ಇನ್ನೊಂದು, ಮೂರು ಗಂಟೆಗೆ ಎದ್ದು ಓದುವುದು. ಕನಸು ಬೀಳುವ ನಿದ್ದೆ ಹೆಚ್ಚಾಗಿ ಬರುವುದು ಬೆಳಗಿನ ಜಾವದಲ್ಲಿ. ಆ ಭಾಗವೇ ಕತ್ತರಿಸಿ ಹೋಗುತ್ತದೆ. ಕಾಫಿಯ ಕೆಫೀನ್ ಅರ್ಧಕ್ಕೆ ಇಳಿಯಲು ಐದಾರು ಗಂಟೆ ಬೇಕು. ಮಧ್ಯಾಹ್ನ ಮೂರರ ನಂತರ ಕಾಫಿ, ಟೀ ಬಿಟ್ಟು ಕಷಾಯ ಕುಡಿಯಿರಿ.

ಬೆಳಗ್ಗೆ ಎರಡು ಇಡ್ಲಿ ಅಥವಾ ಒಂದು ಅಕ್ಕಿರೊಟ್ಟಿ ತಿನ್ನಿ, ಎಣ್ಣೆಯದ್ದು ಬೇಡ. ಬಸ್ಸಿನಲ್ಲಿ ಆದಷ್ಟು ಮುಂದಿನ ಸೀಟು ಹಿಡಿದು ರಸ್ತೆ ನೋಡುತ್ತಾ ಕೂರಿ. ತಿರುವುಗಳಲ್ಲಿ ನೋಟ್ಸ್ ಓದಿದರೆ ಕಣ್ಣು ಪುಟದ ಮೇಲೆ ನಿಂತಿರುತ್ತದೆ, ಒಳಕಿವಿ ಮಾತ್ರ ಓಲಾಟವನ್ನು ಗುರುತಿಸುತ್ತಿರುತ್ತದೆ. ಈ ಗೊಂದಲದಿಂದಲೇ ವಾಂತಿ ಬಂದಂತಾಗುವುದು.

7.30ರ ಬಸ್ 7.50 ಆದರೂ ಬರದಿದ್ದರೆ ಇನ್ನು ಕಾಯುವುದು ಬೇಡ. ಬಸ್ಸಿಗೆ ಬಿಡಲು ಬಂದ ಅಪ್ಪನೋ ಅಣ್ಣನೋ ಆ ನೆರೆಯವರಿಗೆ ಆಗಲೇ ಫೋನ್ ಮಾಡಲಿ. ಗಾಡಿ ಬರುವಷ್ಟರಲ್ಲಿ ಬಸ್ ಬಂದರೆ ಹತ್ತಿಕೊಂಡು ಹೋಗಿ, ಬರಬೇಡಿ ಎಂದು ಅವರಿಗೆ ಹೇಳಿದರಾಯಿತು.